ಅಡಿಗೆ 395 ಅಂದ ಕಿಟಕಿ 490 ಆಗೋದು ಹೇಗೆ? ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ರೇಟಿನ ಲೆಕ್ಕ

ಮೈಸೂರು ರಿಂಗ್ ರೋಡ್ ಆಚೆ ಲೇಔಟ್‌ಗಳಲ್ಲಿ, ಈ ಕಡೆ ಮಂಡ್ಯ ಸುತ್ತಮುತ್ತ ಹೊಸದಾಗಿ ಮನೆ ಕಟ್ತಿರೋರು ತುಂಬಾ ಜನ ಈಗ ಮರದ ಕಿಟಕಿ ಬಿಟ್ಟು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸ್ತಿದಾರೆ. ಮರಕ್ಕೆ ಆಗೋ ಖರ್ಚು, ಮಳೆಗಾಲದಲ್ಲಿ ಬಾಗಿಲು ಊದಿಕೊಳ್ಳೋದು, ಗೆದ್ದಲು, ಎರಡು ಮೂರು ವರ್ಷಕ್ಕೊಂದ್ಸಲ ಪಾಲಿಶ್, ಇವೆಲ್ಲ ಯೋಚನೆ ಮಾಡಿ ಅಲ್ಯೂಮಿನಿಯಂ ಕಡೆ ಬರ್ತಾರೆ. ಗಾರೆ ಕೆಲಸ ಮುಗಿದ ಮೇಲೆ ಎರಡು ಅಂಗಡೀಲಿ ಕೊಟೇಶನ್ ತಗೋತಾರೆ, ಒಬ್ರು ಅಡಿಗೆ 440 ಅಂತಾರೆ ಇನ್ನೊಬ್ರು 395 ಅಂತಾರೆ, 395ಕ್ಕೆ ಒಪ್ಕೊಂಡು ಅಡ್ವಾನ್ಸ್ ಕೊಟ್ಟು ಬರ್ತಾರೆ, ಕೊನೇಲಿ ಬಿಲ್ ನೋಡಿದ್ರೆ 440 ಅಂದೋರಿಗಿಂತ ಜಾಸ್ತಿ ಆಗಿರುತ್ತೆ. ಇದ್ರಲ್ಲಿ ಯಾರೂ ಸುಳ್ಳು ಹೇಳಿರಬೇಕು ಅಂತೇನಿಲ್ಲ. ಅಡಿಗೆ ಎಷ್ಟು ಅನ್ನೋ ಒಂದು ನಂಬರ್ ಒಳಗೆ ನಾಲ್ಕೈದು ಬೇರೆ ಬೇರೆ ವಿಷಯ ಅಡಗಿರುತ್ತೆ, ಒಬ್ಬೊಬ್ಬ ಅಂಗಡಿಯವರು ಒಂದೊಂದನ್ನ ರೇಟ್ ಒಳಗೆ ಸೇರಿಸ್ತಾರೆ, ಕೆಲವನ್ನ ಹೊರಗಿಡ್ತಾರೆ, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಬರೆದಿರೋ ರೇಟುಗಳೆಲ್ಲ ಲೆಕ್ಕ ತೋರಿಸೋಕೆ ಇಟ್ಕೊಂಡಿರೋದು, ನಿಮ್ಮೂರಲ್ಲಿ ಇವತ್ತಿನ ರೇಟ್ ಇದೇ ಅಂತಲ್ಲ. ಅಲ್ಯೂಮಿನಿಯಂ ಬೆಲೆ ಮಾರ್ಕೆಟ್ ಜೊತೆ ಏರಿ ಇಳೀತಾ ಇರುತ್ತೆ. ಲೆಕ್ಕ ಮಾಡೋ ದಾರಿ ಮಾತ್ರ ಬದಲಾಗಲ್ಲ.

## ಮೊದಲು ಅಡಿ, ಇಂಚು

ಇಲ್ಲಿ ಅಡಿಗೆ ಇಷ್ಟು ಅಂದ್ರೆ ಚದರಡಿಗೆ ಇಷ್ಟು ಅಂತ ಅರ್ಥ. ಕಿಟಕಿಯ ಅಗಲ ಇಂಟು ಎತ್ತರ, ಎರಡೂ ಅಡಿ ಲೆಕ್ಕದಲ್ಲಿ. 6 ಅಡಿ ಅಗಲ 4 ಅಡಿ ಎತ್ತರ ಆದ್ರೆ 24 ಚದರಡಿ, ಇದು ಎಲ್ರಿಗೂ ಗೊತ್ತು. ತೊಂದರೆ ಶುರುವಾಗೋದು ಇಂಚು ಬಂದಾಗ.

4 ಅಡಿ 6 ಇಂಚನ್ನ ಚೀಟಿ ಮೇಲೆ 4.6 ಅಂತ ಬರೀತಾರೆ. ಮೇಸ್ತ್ರಿ, ಕಾರ್ಪೆಂಟರ್, ಗಾಜಿನ ಅಂಗಡಿ, ಎಲ್ಲರೂ ಹಂಗೇ ಬರೀತಾರೆ, ಬರೆಯೋದ್ರಲ್ಲಿ ತಪ್ಪಿಲ್ಲ, ಅದು ಒಂದು ಗುರುತು. ನಾಲ್ಕೂವರೆ ಗಂಟೆನ 4.30 ಅಂತ ಬರೆಯಲ್ವ, ಹಂಗೆ. ಆದ್ರೆ ಅದೇ 4.6 ನ ಹಂಗೇ ಎತ್ತಿ ಕ್ಯಾಲ್ಕುಲೇಟರ್‌ಗೆ ಹಾಕಿದ್ರೆ ಕ್ಯಾಲ್ಕುಲೇಟರ್ ಅದನ್ನ ನಾಲ್ಕು ಅಡಿ ಏಳು ಇಂಚಿಗಿಂತ ಸ್ವಲ್ಪ ಜಾಸ್ತಿ ಅಂತ ತಗೊಳ್ಳುತ್ತೆ. ಯಾಕಂದ್ರೆ ಅಡಿಗೆ 12 ಇಂಚು, 10 ಅಲ್ಲ. 6 ಇಂಚು ಅಂದ್ರೆ ಅರ್ಧ ಅಡಿ, 0.5. 3 ಇಂಚು 0.25. 9 ಇಂಚು 0.75. ಬೇರೆ ಯಾವ ಇಂಚಾದ್ರೂ 12ರಿಂದ ಭಾಗಿಸಿ, ಬಂದಿದ್ದನ್ನ ಅಡಿಗೆ ಸೇರಿಸಿ.

ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಎರಡೂ ಅಳತೆನ ಪೂರ್ತಿ ಇಂಚಿಗೆ ತಂದುಬಿಡಿ, ಗುಣಿಸಿ, 144ರಿಂದ ಭಾಗಿಸಿ. ಒಂದು ಚದರಡಿ ಅಂದ್ರೆ 12 ಇಂಟು 12, ಅಂದ್ರೆ 144 ಚದರ ಇಂಚು, ಅದಕ್ಕೆ. ಉದಾಹರಣೆಗೆ 4 ಅಡಿ 9 ಇಂಚು ಅಗಲ, 4 ಅಡಿ 6 ಇಂಚು ಎತ್ತರದ ಕಿಟಕಿ. ಅಗಲ 57 ಇಂಚು, ಎತ್ತರ 54 ಇಂಚು. ಫೋನ್ ಕ್ಯಾಲ್ಕುಲೇಟರಲ್ಲಿ ಹಿಂಗೆ ಹೊಡೀರಿ:

```
57 × 54 ÷ 144 = 21.375
```

ಅದೇ ಕಿಟಕಿನ 4.9 ಇಂಟು 4.6 ಅಂತ ಹೊಡೆದ್ರೆ 22.54 ಬರುತ್ತೆ. ಒಂದೇ ಕಿಟಕೀಲಿ ಒಂದು ಚದರಡಿಗಿಂತ ಜಾಸ್ತಿ ವ್ಯತ್ಯಾಸ, 440ರ ರೇಟಲ್ಲಿ ಹತ್ತತ್ರ 500 ರೂಪಾಯಿ. ಈ ತಪ್ಪು ಯಾವಾಗ್ಲೂ ಗಿರಾಕಿಗೇ ನಷ್ಟ ಮಾಡುತ್ತೆ ಅಂತಾನೂ ಇಲ್ಲ. 1ರಿಂದ 9 ಇಂಚಿನವರೆಗೆ ಅಳತೆ ಉಬ್ಬುತ್ತೆ, 10 ಮತ್ತೆ 11 ಇಂಚು ಬಂದಾಗ ಮಾತ್ರ ಉಲ್ಟಾ, ಕುಗ್ಗಿಬಿಡುತ್ತೆ. 3 ಅಡಿ 10 ಇಂಚನ್ನ 3.10 ಅಂತ ಹೊಡೆದ್ರೆ ಕ್ಯಾಲ್ಕುಲೇಟರ್‌ಗೆ ಅದು ಮೂರು ಅಡಿ ಒಂದು ಇಂಚಿನ ಚಿಲ್ಲರೆ ಅಷ್ಟೇ, ಅಲ್ಲಿ ನಷ್ಟ ಅಂಗಡಿಯವರದು. ಆ ತಪ್ಪನ್ನ ಅವರು ಆಮೇಲೆ ಕಂಡುಹಿಡಿದು ಬಿಲ್ ಏರಿಸಿದ್ರೆ ಸುಮ್ನೆ ಜಗಳ ಆಗುತ್ತೆ, ಅದಕ್ಕೇ ಕೊಟೇಶನ್ ಕೈಗೆ ಬಂದ ದಿನವೇ ಪ್ರತಿ ಕಿಟಕಿಯ ಚದರಡಿ ನೀವೇ ಇಂಚಲ್ಲಿ ಹೊಡೆದು ನೋಡಿ.

ಕೆಲವು ಕಡೆ ಅಳತೆ ಎಂಎಂನಲ್ಲಿ ಬರೀತಾರೆ. ಆಗ ಒಂದು ಅಡಿಗೆ 304.8 ಎಂಎಂ ಅಂತ ಹಿಡೀಬೇಕು. ಲೆಕ್ಕ ಸುಲಭ ಆಗ್ಲಿ ಅಂತ 300 ಅಂತ ಹಿಡಿದ್ರೆ ಅಗಲದಲ್ಲೂ ಉಬ್ಬಿ ಎತ್ತರದಲ್ಲೂ ಉಬ್ಬಿ ಒಟ್ಟು ಶೇಕಡ 3ರಷ್ಟು ಚದರಡಿ ಜಾಸ್ತಿ ಬರುತ್ತೆ.

## ಅಳತೆ ಎಲ್ಲಿಂದ ಎಲ್ಲಿಗೆ

ಪ್ಲಾನ್‌ನಲ್ಲಿರೋ ಅಳತೆ ಮೇಲೆ ಕೊಟೇಶನ್ ತಗೋಬಹುದು, ಆದ್ರೆ ಆರ್ಡರ್ ಕೊಡ್ಬಾರ್ದು. ಪ್ಲಾನ್‌ನಲ್ಲಿ 5 ಅಡಿ ಅಂತ ಇರೋ ಕಿಟಕಿ, ಎರಡೂ ಕಡೆ ಗಾರೆ ಆಗಿ, ಕೆಳಗೆ ಗ್ರಾನೈಟ್ ಪಟ್ಟಿ ಕೂತ ಮೇಲೆ 4 ಅಡಿ 10 ಇಂಚೋ 9 ಇಂಚೋ ಆಗಿರುತ್ತೆ. ಅದಕ್ಕೆ ಗಾರೆ, ಗ್ರಾನೈಟ್ ಎಲ್ಲ ಮುಗಿದ ಮೇಲೆ ಅಗಲನ ಮೇಲೆ, ಮಧ್ಯ, ಕೆಳಗೆ ಅಂತ ಮೂರು ಕಡೆ ಹಿಡೀಬೇಕು, ಎತ್ತರನೂ ಹಂಗೇ ಎಡ, ನಡು, ಬಲ. ಮೂರರಲ್ಲಿ ಯಾವುದು ಕಮ್ಮಿನೋ ಅದೇ ಅಳತೆ, ಯಾಕಂದ್ರೆ ಫ್ರೇಮ್ ತೂರಬೇಕಾಗಿರೋದು ಅತಿ ಇಕ್ಕಟ್ಟಿನ ಜಾಗದಲ್ಲಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡೂ ಕಡೆ ಟೇಪ್ ಹಿಡಿದು ನೋಡಿದ್ರೆ ಕಿಂಡಿ ಚೌಕಾಗಿದೆಯಾ ಇಲ್ಲ ಓರೆಯಾಗಿದೆಯಾ ಗೊತ್ತಾಗುತ್ತೆ, ಎರಡೂ ಅಳತೆ ಒಂದೇ ಇದ್ರೆ ಚೌಕ.

ಫ್ರೇಮ್‌ನ ಕಿಂಡಿಗಿಂತ ಸ್ವಲ್ಪ ಚಿಕ್ಕದಾಗಿ ಮಾಡ್ತಾರೆ, ಪ್ರತಿ ಕಡೆ ಕೆಲವು ಎಂಎಂ ಸಂದು ಬಿಡ್ತಾರೆ, ಆ ಸಂದಿಗೆ ಸಿಲಿಕೋನ್ ತುಂಬ್ತಾರೆ. ಇದು ಸರಿಯಾದ ಪದ್ಧತಿನೇ. ಕೇಳ್ಕೋಬೇಕಾಗಿರೋದು ಒಂದೇ, ಬಿಲ್ ಹಾಕೋದು ಕಿಂಡಿ ಅಳತೆಗೋ ಫ್ರೇಮ್‌ನ ಹೊರ ಅಳತೆಗೋ ಅಂತ. ವ್ಯತ್ಯಾಸ ಸಣ್ಣದು, ಆದ್ರೂ ಮೊದಲೇ ಮಾತಾಗಿದ್ರೆ ಕೊನೇಲಿ ಟೇಪ್ ಹಿಡ್ಕೊಂಡು ವಾದ ಮಾಡೋದು ತಪ್ಪುತ್ತೆ.

## ರೌಂಡಪ್ ಮತ್ತೆ ಮಿನಿಮಮ್ ಚದರಡಿ

ಬಿಲ್ ಉಬ್ಬೋ ಮುಖ್ಯ ಜಾಗ ಇದೇ, ಹೆಚ್ಚಿನವರ ಕಣ್ಣಿಗೆ ಬೀಳದೇ ಇರೋ ಜಾಗನೂ ಇದೇ.

ಕೆಲವು ಅಂಗಡಿಗಳು ನಿಜವಾದ ಇಂಚಿಗೇ ಲೆಕ್ಕ ಹಾಕ್ತವೆ. ಇನ್ನು ಕೆಲವು ಅಂಗಡಿಗಳು ಪ್ರತಿ ಅಳತೆನೂ ಮುಂದಿನ 3 ಇಂಚಿಗೋ 6 ಇಂಚಿಗೋ ಏರಿಸ್ಕೋತವೆ. ಗಾಜಿನ ವ್ಯಾಪಾರದಲ್ಲಿ ಇದು ಹಳೇ ಪದ್ಧತಿ, ಯಾಕಂದ್ರೆ ದೊಡ್ಡ ಗಾಜಿನ ಶೀಟಿಂದ ಕತ್ತರಿಸಿದಾಗ ಉಳಿಯೋ ಸಣ್ಣ ಪಟ್ಟಿಗಳು ಯಾವುದಕ್ಕೂ ಬರಲ್ಲ, ಆ ನಷ್ಟನ ಹಿಂಗೆ ಸರಿ ಮಾಡ್ಕೋತಾರೆ. ಅಲ್ಯೂಮಿನಿಯಂ ಪಟ್ಟಿನೂ ಹಂಗೇ, ಸಾಮಾನ್ಯವಾಗಿ 12 ಅಡಿ, 16 ಅಡಿ ಉದ್ದದಲ್ಲಿ ಬರುತ್ತೆ, 12 ಅಡಿಯ ಪಟ್ಟೀಲಿ 4 ಅಡಿ 9 ಇಂಚಿನ ಎರಡು ತುಂಡು ತೆಗೆದ್ರೆ ಎರಡೂವರೆ ಅಡಿ ಉಳಿಯುತ್ತೆ, ಅದಕ್ಕೆ ಬೇರೆ ಕಿಟಕೀಲಿ ಜಾಗ ಸಿಕ್ಕರೆ ಸರಿ, ಇಲ್ಲಾಂದ್ರೆ ಗುಜರಿಗೆ. ಅಂದ್ರೆ ರೌಂಡಪ್ ಮಾಡೋಕೆ ಕಾರಣ ಇದೆ, ಆದ್ರೆ ಆ ಕಾರಣ ರೇಟ್ ಒಳಗೇ ಸೇರಿದ್ರೆ ಮತ್ತೆ ಚದರಡೀಲೂ ಸೇರಿಸಬಾರದು ಅಂತ ನನ್ನ ಅಭಿಪ್ರಾಯ.

ಮಿನಿಮಮ್ ಚದರಡಿ ಅನ್ನೋದು ಇನ್ನೊಂದು. ಕಿಟಕಿ ಎಷ್ಟೇ ಚಿಕ್ಕದಿದ್ರೂ 8 ಚದರಡಿಗೋ 10 ಚದರಡಿಗೋ ಬಿಲ್ ಹಾಕ್ತೀವಿ ಅಂತಾರೆ. ಅನ್ಯಾಯ ಅನ್ಸುತ್ತೆ, ಆದ್ರೆ ಒಳಗೆ ಏನಿದೆ ನೋಡಿ. 6 ಅಡಿ ಇಂಟು ನಾಲ್ಕೂವರೆ ಅಡಿ ಕಿಟಕಿ 27 ಚದರಡಿ, ಅದರ ಸುತ್ತ ಹೊರ ಫ್ರೇಮ್ 21 ಅಡಿ. ಅಂದ್ರೆ ಪ್ರತಿ ಚದರಡಿಗೆ ಮುಕ್ಕಾಲು ಅಡಿ ಚಿಲ್ಲರೆ ಪಟ್ಟಿ. ಎರಡೂವರೆ ಅಡಿ ಇಂಟು 2 ಅಡಿ ಕಿಟಕಿ ಬರೀ 5 ಚದರಡಿ, ಅದರ ಸುತ್ತ ಫ್ರೇಮ್ 9 ಅಡಿ, ಪ್ರತಿ ಚದರಡಿಗೆ 1.8 ಅಡಿ ಪಟ್ಟಿ, ಅಂದ್ರೆ ದೊಡ್ಡ ಕಿಟಕಿಯ ಎರಡರಷ್ಟಕ್ಕಿಂತ ಜಾಸ್ತಿ. ಇದರ ಜೊತೆಗೆ ಜರುಗೋ ಗಾಜಿನ ಬಾಗಿಲು, ಅಂದ್ರೆ ಶಟರ್‌ಗಳ ಕೆಳಗೆ ಹಾಕೋ ಬೇರಿಂಗ್, ಲಾಕು, ಇವು ದೊಡ್ಡ ಕಿಟಕಿಗೆ ಎಷ್ಟು ಬೇಕೋ ಚಿಕ್ಕದಕ್ಕೂ ಅಷ್ಟೇ ಬೇಕು, ಕತ್ತರಿಸಿ ಜೋಡಿಸೋ ಕೆಲಸನೂ ಅಷ್ಟೇ. ಹಾಗಾಗಿ ಚಿಕ್ಕ ಕಿಟಕಿಗೆ ಅದೇ ರೇಟ್ ಹಾಕಿದ್ರೆ ಅವರಿಗೆ ಗಿಟ್ಟಲ್ಲ. ಇದಕ್ಕೆ ಪರಿಹಾರ ಚೌಕಾಸಿಗಿಂತ ಕಿಟಕಿ ಬದಲಾಯಿಸೋದು, ಮೆಟ್ಟಿಲ ಹತ್ರ ಬೆಳಕಿಗೆ ಅಂತ ಇಟ್ಟಿರೋ ಚಿಕ್ಕ ಕಿಂಡಿಗೆ ಸ್ಲೈಡಿಂಗ್ ಬೇಕೇ ಬೇಕಾ ಅಂತ ಯೋಚನೆ ಮಾಡಿ. ಅಲ್ಲಿ ಸುಮ್ನೆ ಫಿಕ್ಸೆಡ್ ಗಾಜು ಹಾಕಿಸಿದ್ರೆ ಬೇರಿಂಗೂ ಬೇಡ, ಲಾಕೂ ಬೇಡ, ಟ್ರ್ಯಾಕೂ ಬೇಡ.

## ರೇಟ್ ಒಳಗೆ ಏನೇನಿದೆ

ಅಂಗಡಿಯವರು ಅಲ್ಯೂಮಿನಿಯಂ ಪಟ್ಟಿನ ಸೆಕ್ಷನ್ ಅಂತಾರೆ, ಅದನ್ನ ಅವರು ಕೊಂಡ್ಕೊಳ್ಳೋದು ಕೆಜಿ ಲೆಕ್ಕದಲ್ಲಿ. ನಮಗೆ ಮಾರೋದು ಚದರಡಿ ಲೆಕ್ಕದಲ್ಲಿ. ಅಂದ್ರೆ ಒಂದು ಚದರಡೀಲಿ ಎಷ್ಟು ಗ್ರಾಂ ಅಲ್ಯೂಮಿನಿಯಂ ಹೋಗುತ್ತೆ ಅನ್ನೋದೇ ರೇಟಿನ ಅರ್ಧ ಕತೆ. ಅದು ಎರಡರ ಮೇಲೆ ನಿಂತಿದೆ. ಒಂದು ಸೆಕ್ಷನ್ನಿನ ಸೈಜು, ಮುಕ್ಕಾಲು ಇಂಚಿನದು, ಒಂದು ಇಂಚಿನದು, ಅದಕ್ಕಿಂತ ಭಾರಿ ಸಿರೀಸ್‌ಗಳು. ಇನ್ನೊಂದು ಪಟ್ಟಿಯ ಗೋಡೆಯ ದಪ್ಪ, ಅಂದ್ರೆ ಗೇಜು. 1 ಎಂಎಂ ದಪ್ಪದ ಸೆಕ್ಷನ್‌ಗೂ 1.2 ಎಂಎಂ ಸೆಕ್ಷನ್‌ಗೂ ನೋಡೋಕೆ ಏನೂ ವ್ಯತ್ಯಾಸ ಕಾಣಲ್ಲ, ಆದ್ರೆ ಲೋಹ ಶೇಕಡ 20ರಷ್ಟು ಜಾಸ್ತಿ. ಕೊಟೇಶನ್‌ನಲ್ಲಿ ಬರೀ ಅಲ್ಯೂಮಿನಿಯಂ ಸ್ಲೈಡಿಂಗ್ ಅಂತ ಬರೆದಿದ್ರೆ ಅದು ಅರ್ಧ ಕೊಟೇಶನ್ನು. ಸೆಕ್ಷನ್ ಕಂಪನಿ ಹೆಸರು, ಸೈಜು, ಗೇಜು ಮೂರೂ ಬರೆಸ್ಕೊಳ್ಳಿ. ಮಾಲು ಬಂದಾಗ ಕತ್ತರಿಸಿದ ತುದೀಲಿ ವರ್ನಿಯರ್ ಇಟ್ಟು ದಪ್ಪ ನೋಡಬಹುದು, ವರ್ನಿಯರ್ ಇಲ್ಲಾಂದ್ರೆ ಅಂಗಡೀಲಿ ಆರ್ಡರ್ ಕೊಡುವಾಗ ತೋರಿಸಿದ ಸೆಕ್ಷನ್‌ನ ಒಂದು ತುಂಡು ಕೇಳಿ ಇಟ್ಕೊಂಡಿರಿ, ಅಷ್ಟೇ ಉದ್ದದ ತುಂಡನ್ನ ತೂಕ ಹಾಕಿದ್ರೂ ಗೊತ್ತಾಗುತ್ತೆ. ಬಣ್ಣ ಹೊಡೆದ, ಅಂದ್ರೆ ಪೌಡರ್ ಕೋಟಿಂಗ್ ಮಾಡಿದ ಸೆಕ್ಷನ್ ಆದ್ರೆ ಬಣ್ಣದ ಪದರವೂ ಅಳತೇಲಿ ಸೇರಿರುತ್ತೆ ಅನ್ನೋದು ನೆನಪಿರಲಿ.

ಆಮೇಲೆ ಟ್ರ್ಯಾಕ್. 2 ಟ್ರ್ಯಾಕ್ ಅಂದ್ರೆ ಎರಡು ಗಾಜಿನ ಶಟರ್, ಒಂದರ ಹಿಂದೆ ಒಂದು ಜರುಗುತ್ತೆ. 3 ಟ್ರ್ಯಾಕ್ ಅಂದ್ರೆ ಇಲ್ಲಿ ಸಾಮಾನ್ಯವಾಗಿ ಎರಡು ಗಾಜು, ಒಂದು ಸೊಳ್ಳೆ ಮೆಶ್. ನಾಲೆ ಬಯಲಿನ ಊರುಗಳಲ್ಲಿ, ಗದ್ದೆ ಪಕ್ಕದ ಮನೆಗಳಲ್ಲಿ ಸಂಜೆ ಆರಾದ್ರೆ ಸೊಳ್ಳೆ ಹೆಂಗಿರುತ್ತೆ ಅಂತ ಮಂಡ್ಯದೋರಿಗೆ ಹೇಳ್ಬೇಕಾಗಿಲ್ಲ, ಮೆಶ್ ಬೇಕೇ ಬೇಕು. 2 ಟ್ರ್ಯಾಕ್ ಹಾಕಿಸಿ ಆಮೇಲೆ ಮೆಶ್ ಸೇರಿಸೋಕೆ ಆ ಫ್ರೇಮಲ್ಲಿ ಜಾಗ ಇರಲ್ಲ, ಅದಕ್ಕೆ ಬೇರೆ ವ್ಯವಸ್ಥೆನೇ ಮಾಡಬೇಕಾಗುತ್ತೆ, ಹಾಗಾಗಿ ಇದನ್ನ ಮೊದಲೇ ತೀರ್ಮಾನ ಮಾಡ್ಕೊಳ್ಳಿ. ಒಬ್ರು ಕೊಟ್ಟ ರೇಟು 2 ಟ್ರ್ಯಾಕ್‌ದು, ಇನ್ನೊಬ್ರು ಕೊಟ್ಟಿದ್ದು 3 ಟ್ರ್ಯಾಕ್‌ದು ಆಗಿದ್ರೆ ಎರಡನ್ನ ಹೋಲಿಸೋದ್ರಲ್ಲಿ ಅರ್ಥನೇ ಇಲ್ಲ. ಇನ್ನೊಂದು, ಎರಡು ಗಾಜಿನ ಸ್ಲೈಡಿಂಗ್ ಕಿಟಕಿ ಪೂರ್ತಿ ತೆಗೆದ್ರೂ ಅರ್ಧನೇ ತೆಗೆಯೋದು, ಗಾಳಿ ಬರೋದು ಅರ್ಧ ಕಿಟಕೀಲಿ. ದುಡ್ಡು ಪೂರ್ತಿ ಕಿಟಕಿಗೆ.

## ಗಾಜು

ಗಾಜಿನ ರೇಟ್ ಏರೋದು ದಪ್ಪದಿಂದ ಮತ್ತೆ ಜಾತಿಯಿಂದ. ಕಿಟಕಿಗಳಿಗೆ ಹೆಚ್ಚಾಗಿ 4 ಎಂಎಂ ಇಲ್ಲ 5 ಎಂಎಂ ಹಾಕ್ತಾರೆ. ಕೊಟೇಶನ್‌ನಲ್ಲಿ ಗಾಜು ಅಂತಷ್ಟೇ ಇದ್ರೆ ಅದು 4 ಎಂಎಂ ಪ್ಲೇನ್ ಅಂತ ಅಂದ್ಕೊಂಡೇ ಮಾತು ಶುರು ಮಾಡಿ.

ದಪ್ಪ ಜಾಸ್ತಿ ಆದ್ರೆ ಗಟ್ಟಿ, ಗಾಳಿಗೆ ಗಡಗಡ ಅನ್ನಲ್ಲ, ಸರಿ. ಆದ್ರೆ ತೂಕನೂ ಏರುತ್ತೆ. ಒಂದು ಚದರ ಮೀಟರ್ ಗಾಜು ಪ್ರತಿ ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತೆ. ಆ ಲೆಕ್ಕದಲ್ಲಿ 27 ಚದರಡಿಯ ಹಾಲ್ ಕಿಟಕಿಗೆ 4 ಎಂಎಂ ಗಾಜು ಹಾಕಿದ್ರೆ ಸುಮಾರು 25 ಕೆಜಿ, 5 ಎಂಎಂ ಹಾಕಿದ್ರೆ 30 ಕೆಜಿ ದಾಟುತ್ತೆ. ಒಂದೊಂದು ಶಟರ್‌ಗೆ ಹತ್ತತ್ರ 15 ಕೆಜಿ ಗಾಜು, ಅದರ ಮೇಲೆ ಅಲ್ಯೂಮಿನಿಯಂ ತೂಕ. ಇಷ್ಟನ್ನೂ ಹೊರೋದು ಕೆಳಗಿರೋ ಎರಡು ಪುಟ್ಟ ಬೇರಿಂಗು. ದೊಡ್ಡ ಕಿಟಕಿಗೆ ದಪ್ಪ ಗಾಜು ಹಾಕ್ಸಿ ಬೇರಿಂಗ್ ಮಾತ್ರ ಅಗ್ಗದ್ದು ಹಾಕಿದ್ರೆ ಸ್ವಲ್ಪ ದಿನಕ್ಕೇ ಎಳೆಯೋಕೆ ಭಾರ ಆಗುತ್ತೆ, ಟ್ರ್ಯಾಕ್ ಸವೆಯುತ್ತೆ, ಟ್ರ್ಯಾಕಲ್ಲಿ ಬೂದು ಬಣ್ಣದ ಪುಡಿ ಕಾಣ್ಸೋಕೆ ಶುರುವಾಗುತ್ತೆ. ಹಾಗಾಗಿ ಗಾಜಿನ ಬಗ್ಗೆ ಕೇಳಿದಾಗ್ಲೇ ಬೇರಿಂಗ್ ಯಾವುದು ಅಂತಾನೂ ಕೇಳಿ, ರೇಟಲ್ಲಿ ವ್ಯತ್ಯಾಸ ಬಂದ್ರೆ ಅಲ್ಲಿ ನಾಲ್ಕು ಕಾಸು ಜಾಸ್ತಿ ಕೊಡೋದು ಒಳ್ಳೇದು.

ಜಾತಿ ವಿಷಯಕ್ಕೆ ಬಂದ್ರೆ ಪ್ಲೇನ್ ಗಾಜು ಎಲ್ಲಕ್ಕಿಂತ ಅಗ್ಗ. ಬಾತ್‌ರೂಮಿಗೆ ಹಾಕೋ ಪಿನ್‌ಹೆಡ್, ಫ್ರಾಸ್ಟೆಡ್ ಇವು ಬೆಳಕು ಬಿಡ್ತವೆ, ಆಕಾರ ಸ್ಪಷ್ಟವಾಗಿ ಕಾಣಿಸಲ್ಲ. ಬಣ್ಣದ ಗಾಜು ಬಿಸಿಲಿನ ಪ್ರಖರತೆ ಕಮ್ಮಿ ಮಾಡುತ್ತೆ. ರಿಫ್ಲೆಕ್ಟಿವ್ ಗಾಜನ್ನ ರಸ್ತೆ ಕಡೆ ಕಿಟಕಿಗೆ ಹಾಕ್ಸಿ ಇನ್ನು ಪರದೆ ಬೇಡ ಅಂತ ಸುಮಾರು ಜನ ಅನ್ಕೋತಾರೆ. ಹಗಲು ಹೊತ್ತು ಅದು ನಿಜ, ಹೊರಗಡೆ ಬೆಳಕು ಜಾಸ್ತಿ ಇರೋದ್ರಿಂದ ಹೊರಗಿನವರಿಗೆ ಕನ್ನಡಿ ಥರ ಕಾಣುತ್ತೆ. ರಾತ್ರಿ ಒಳಗೆ ಲೈಟ್ ಹಾಕಿದ ತಕ್ಷಣ ಉಲ್ಟಾ ಆಗುತ್ತೆ, ಒಳಗಿರೋರಿಗೆ ಕನ್ನಡಿ, ರಸ್ತೇಲಿ ಹೋಗೋರಿಗೆ ಒಳಗಿನದೆಲ್ಲ ಕಾಣುತ್ತೆ. ಪರದೆ ಹಾಕ್ಲೇಬೇಕು, ಆ ಖರ್ಚು ಉಳಿಯುತ್ತೆ ಅಂತ ಲೆಕ್ಕ ಹಾಕ್ಬೇಡಿ.

ಟಫನ್ಡ್ ಗಾಜು ಮಾಮೂಲಿ ಗಾಜಿಗಿಂತ ದುಬಾರಿ. ಮಾಮೂಲಿ ಗಾಜನ್ನ ಚೆನ್ನಾಗಿ ಕಾಯಿಸಿ ತಕ್ಷಣ ತಣ್ಣಗಿನ ಗಾಳಿ ಊದಿ ಗಟ್ಟಿ ಮಾಡಿರ್ತಾರೆ, ಒಡೆದ್ರೆ ಚೂರಿ ಥರ ತುಂಡಾಗದೆ ಸಣ್ಣ ಸಣ್ಣ ಹರಳಾಗಿ ಉದುರುತ್ತೆ. ಕಿಟಕಿ ನೆಲಕ್ಕೆ ಹತ್ರ ಇದ್ರೆ, ಮಕ್ಕಳು ಓಡಾಡೋ ಜಾಗ ಆದ್ರೆ, ಬಾಲ್ಕನಿಯ ದೊಡ್ಡ ಸ್ಲೈಡಿಂಗ್ ಬಾಗಿಲಾದ್ರೆ ದುಡ್ಡು ನೋಡದೆ ಇದನ್ನೇ ಹಾಕ್ಸಿ. ಆದ್ರೆ ಒಂದ್ಸಲ ಟಫನ್ ಆದ ಗಾಜನ್ನ ಕತ್ತರಿಸೋಕೆ ಆಗಲ್ಲ, ತೂತು ಕೊರೆಯೋಕೆ ಆಗಲ್ಲ, ಪ್ರಯತ್ನಪಟ್ರೆ ಪೂರ್ತಿ ಪುಡಿ ಆಗುತ್ತೆ. ಅಳತೆ ಅರ್ಧ ಇಂಚು ತಪ್ಪಿದ್ರೂ ಹೊಸ ಗಾಜೇ ಮಾಡಿಸಬೇಕು, ಆ ಖರ್ಚು ಯಾರದು ಅಂತ ಮೊದಲೇ ಬರೆಸಿರಬೇಕು. ಟಫನ್ಡ್ ಅಂತ ದುಡ್ಡು ಕೊಟ್ಟಿದ್ರೆ ಗಾಜಿನ ಮೂಲೇಲಿ ತಯಾರಕರ ಸಣ್ಣ ಅಚ್ಚು ಇದೆಯಾ ನೋಡಿ, ಅದು ಉಜ್ಜಿದ್ರೆ ಹೋಗಲ್ಲ.

## ಫಿಟಿಂಗ್ ಅಂದ್ರೆ ಏನು

ಫಿಟಿಂಗ್ ಸೇರಿದೆಯಾ ಅಂತ ಕೇಳಿದ್ರೆ ಎಲ್ರೂ ಸೇರಿದೆ ಅಂತಾರೆ. ಏನು ಸೇರಿದೆ ಅಂತ ಕೇಳಬೇಕು. ಗೋಡೆ ಕೊರೆದು ಪ್ಲಗ್ ಹಾಕಿ ಸ್ಕ್ರೂ ಬಿಗಿಯೋದು ಹೇಗೂ ಇರುತ್ತೆ. ಸಿಲಿಕೋನ್ ಒಳಗಡೆ ಮಾತ್ರನಾ ಹೊರಗಡೆನೂನಾ? ಮಳೆ ಬೀಳೋದು ಹೊರಗಡೆ, ಹೊರಗಡೆ ಸಿಲಿಕೋನ್ ಆಗದಿದ್ರೆ ಒಳಗೆ ಎಷ್ಟು ನೀಟಾಗಿ ಮಾಡಿದ್ರೂ ನೀರು ಬರುತ್ತೆ. ಮೊದಲನೇ ಮಹಡಿಯ ಕಿಟಕಿಗೆ ಹೊರಗಿಂದ ಮಾಡೋಕೆ ಸಾರ್ವೆ ಬೇಕು, ಹಾಗಾಗಿ ಹೊರಗೋಡೆ ಪೇಂಟಿಂಗ್‌ಗೆ ಸಾರ್ವೆ ಕಟ್ಟಿರೋವಾಗ್ಲೇ ಈ ಕೆಲಸ ಮುಗಿಸಿಕೊಂಡ್ರೆ ಆ ದುಡ್ಡು ಉಳಿಯುತ್ತೆ. ಕಿಂಡಿ ಓರೆ ಇದ್ರೆ ಗೋಡೆ ಕೆತ್ತೋದು, ಮತ್ತೆ ಗಾರೆ ತೇಪೆ ಹಾಕೋದು ಹೆಚ್ಚಾಗಿ ಫಿಟಿಂಗ್‌ನಲ್ಲಿ ಸೇರಲ್ಲ, ಅದು ಮೇಸ್ತ್ರಿ ಕೆಲಸ. ಹಸಿ ಸಿಮೆಂಟ್ ಅಲ್ಯೂಮಿನಿಯಂ ಮೇಲೆ ಬಿದ್ದು ಒಣಗಿದ್ರೆ ಕಲೆ ಉಳಿಯುತ್ತೆ, ತಿಕ್ಕಿದ್ರೂ ಹೋಗಲ್ಲ, ಅದಕ್ಕೆ ತೇಪೆ ಕೆಲಸ ಫ್ರೇಮ್ ಕೂರೋ ಮುಂಚೆನೇ ಆಗಲಿ.

ಚಾರ್ಜನ್ನ ಕೆಲವರು ಚದರಡಿಗೆ ಇಷ್ಟು ಅಂತಾರೆ, ಕೆಲವರು ಕಿಟಕಿಗೆ ಇಷ್ಟು ಅಂತಾರೆ. ಚದರಡಿ ಲೆಕ್ಕ ಆದ್ರೆ ಅದೇ ರೌಂಡಪ್ ಆದ ಚದರಡಿಗೇ ಫಿಟಿಂಗೂ ಬೀಳುತ್ತೆ ಅನ್ನೋದನ್ನ ಮರೀಬೇಡಿ.

## ಒಂದು ಮನೆಯ ಲೆಕ್ಕ

ಈಗ ಎಲ್ಲಾ ಸೇರಿಸಿ ಒಂದು ಲೆಕ್ಕ ಮಾಡೋಣ. 30 ಇಂಟು 40 ಸೈಟಲ್ಲಿ ಒಂದು ಮನೆ ಅನ್ಕೊಳ್ಳಿ. ಹಾಲ್ ಕಿಟಕಿ 6 ಅಡಿ ಇಂಟು 4 ಅಡಿ 6 ಇಂಚು, ಒಂದು. ರೂಮಿನ ಕಿಟಕಿ 4 ಅಡಿ 9 ಇಂಚು ಇಂಟು 4 ಅಡಿ 6 ಇಂಚು, ಎರಡು. ಅಡುಗೆಮನೆದು 3 ಅಡಿ 10 ಇಂಚು ಇಂಟು 3 ಅಡಿ 3 ಇಂಚು. ಮೆಟ್ಟಿಲ ಹತ್ರ ಒಂದು ಚಿಕ್ಕದು, 2 ಅಡಿ 6 ಇಂಚು ಇಂಟು 2 ಅಡಿ.

ಇಂಚಲ್ಲಿ ಗುಣಿಸಿ 144ರಿಂದ ಭಾಗಿಸಿದ್ರೆ ಹಾಲ್ 27, ರೂಮಿನ ಎರಡೂ ಸೇರಿ 42.75, ಅಡುಗೆಮನೆ 12.46, ಚಿಕ್ಕದು 5. ಒಟ್ಟು 87.21 ಚದರಡಿ. ಈ ನಂಬರ್‌ನ ಒಂದು ಕಡೆ ಬರೆದಿಟ್ಕೊಳ್ಳಿ, ಇದು ನಿಮ್ಮ ನಂಬರ್, ಯಾವ ಅಂಗಡಿಗೆ ಹೋದ್ರೂ ಬದಲಾಗಲ್ಲ.

ಮೊದಲನೇ ಅಂಗಡಿ ಅಡಿಗೆ 440 ಹೇಳಿದೆ. 3 ಟ್ರ್ಯಾಕ್, ಮೆಶ್, 5 ಎಂಎಂ ಪ್ಲೇನ್ ಗಾಜು, ಫಿಟಿಂಗ್, ಸಿಲಿಕೋನ್, ಗಾಡಿ ಬಾಡಿಗೆ ಎಲ್ಲ ಸೇರಿ, ನಿಜವಾದ ಅಳತೆಗೆ ಬಿಲ್. 87.21 ಇಂಟು 440, ಹತ್ತತ್ರ 38,372 ರೂಪಾಯಿ.

ಎರಡನೇ ಅಂಗಡಿ 395 ಹೇಳಿದೆ, ಸೆಕ್ಷನ್ನು, ಟ್ರ್ಯಾಕು, ಮೆಶ್ಶು ಎಲ್ಲ ಅದೇ. ಆದ್ರೆ ಪ್ರತಿ ಅಳತೆನೂ ಮುಂದಿನ ಅರ್ಧ ಅಡಿಗೆ ಏರಿಸ್ತಾರೆ, ಮಿನಿಮಮ್ 10 ಚದರಡಿ. ಆಗ ಹಾಲ್ 27 ಹಂಗೇ ಇರುತ್ತೆ. ರೂಮಿನ ಕಿಟಕಿ 5 ಇಂಟು 4.5 ಆಗಿ ಎರಡೂ ಸೇರಿ 45. ಅಡುಗೆಮನೆ 4 ಇಂಟು 3.5 ಆಗಿ 14. ಚಿಕ್ಕದು 5ರ ಬದಲು 10. ಒಟ್ಟು 96 ಚದರಡಿ. ರೇಟ್ ಮುಟ್ಟೋ ಮೊದಲೇ ಶೇಕಡ 10 ಏರಿಕೆ ಆಯ್ತು. 96 ಇಂಟು 395 ಅಂದ್ರೆ 37,920. ರೇಟಲ್ಲಿರೋದು 4 ಎಂಎಂ ಗಾಜು, 5 ಎಂಎಂ ಬೇಕಂದ್ರೆ ಅಡಿಗೆ 15 ಜಾಸ್ತಿ, ಅದು 1,440. ಫಿಟಿಂಗ್ ಅಡಿಗೆ 25, ಅದು 2,400. ಗಾಡಿ ಬಾಡಿಗೆ 1,000. ಎಲ್ಲ ಸೇರಿ 42,760.

ಈಗ ಎರಡನ್ನೂ ನಿಮ್ಮ 87.21ರಿಂದ ಭಾಗಿಸಿ. ಮೊದಲನೇದು 440. ಎರಡನೇದು 490. ಅಡಿಗೆ 45 ರೂಪಾಯಿ ಕಮ್ಮಿ ಅಂತ ಕಂಡಿದ್ದು ನಿಜವಾಗ್ಲೂ ಅಡಿಗೆ 50 ರೂಪಾಯಿ ಜಾಸ್ತಿ.

ಮೇಲೆ ಜಿಎಸ್‌ಟಿ ಇದೆ, ಅಲ್ಯೂಮಿನಿಯಂ ಕಿಟಕಿಗೆ ಶೇಕಡ 18. ಮೊದಲನೇದು ಒಟ್ಟು 45,279 ಆಗುತ್ತೆ, ಎರಡನೇದು 50,457, ಹತ್ತತ್ರ 5,200 ರೂಪಾಯಿ ವ್ಯತ್ಯಾಸ. ಒಬ್ರು ಜಿಎಸ್‌ಟಿ ಸೇರಿಸಿ ಹೇಳಿದ್ದು, ಇನ್ನೊಬ್ರು ಬಿಟ್ಟು ಹೇಳಿದ್ದು ಆದ್ರೆ ಈ ಹೋಲಿಕೆ ಪೂರ್ತಿ ತಲೆಕೆಳಗಾಗುತ್ತೆ, ಹಾಗಾಗಿ ಮೊದಲ ಫೋನಲ್ಲೇ ಕೇಳಿಬಿಡಿ.

ಇದರರ್ಥ ಎರಡನೇ ಅಂಗಡಿ ಕೆಟ್ಟದ್ದು ಅಂತಲ್ಲ. ನಿಮ್ಮ ಕಿಟಕಿಗಳೆಲ್ಲ ಸರಿಯಾಗಿ 5 ಅಡಿ, 4 ಅಡಿ, 4.5 ಅಡಿ ಇದ್ದು, ಚಿಕ್ಕ ಕಿಟಕಿನೇ ಇಲ್ಲದೆ, 4 ಎಂಎಂ ಗಾಜೇ ಸಾಕು ಅಂದ್ರೆ ರೌಂಡಪ್ ಇಂದ ಏನೂ ಏರಲ್ಲ, ಫಿಟಿಂಗ್ ಸೇರಿಸಿ ಅಡಿಗೆ 420, ಗಾಡಿ ಬಾಡಿಗೆ ಕೊಟ್ರೂ ಮೊದಲನೇದಕ್ಕಿಂತ ಅಗ್ಗಾನೇ ಬರಬಹುದು, ಆದ್ರೆ ಆಗ ಹೋಲಿಸ್ತಿರೋದು 5 ಎಂಎಂ ಗಾಜನ್ನ 4 ಎಂಎಂ ಜೊತೆ. ಇನ್ನೂ ಗಾರೆ ಆಗದೇ ಇರೋರಿಗೆ ಇಲ್ಲೊಂದು ಅನುಕೂಲ ಇದೆ, ಗಾರೆ ಮುಗಿದ ಮೇಲೆ ಕಿಂಡಿ 5 ಅಡಿಗೆ ಒಂದು ಇಂಚು ಜಾಸ್ತಿ ಉಳಿಯೋ ಹಂಗಿದ್ರೆ ರೌಂಡಪ್ ಮಾಡೋ ಅಂಗಡೀಲಿ ಅದು ಐದೂವರೆ ಅಡಿ ಆಗಿಬಿಡುತ್ತೆ. ಮೇಸ್ತ್ರಿಗೆ ಹೇಳಿ ಆ ಒಂದು ಇಂಚನ್ನ ಗಾರೇಲೇ ಸರಿ ಮಾಡಿಸಿಕೊಂಡ್ರೆ ಸಾಕು.

## ಫಿಟಿಂಗ್ ದಿನ

ಕೊನೇ ಕಂತು ಕೊಡೋ ಮುಂಚೆ ಟೇಪ್ ತಗೊಂಡು ಫ್ರೇಮ್‌ನ ಹೊರ ಅಳತೆ ಹಿಡಿದು ಬಿಲ್ಲಿನ ಅಳತೆ ಜೊತೆ ನೋಡಿ. ಶಟರ್ ಒಂದು ಕೈಯಲ್ಲಿ ಸಲೀಸಾಗಿ ಜರುಗಬೇಕು, ಮುಚ್ಚಿದಾಗ ಪಕ್ಕದ ಫ್ರೇಮಿಗೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ತಾಗಬೇಕು. ಮೇಲೆ ತಾಗಿ ಕೆಳಗೆ ಸಂದು ಬಿಟ್ರೆ ಫ್ರೇಮ್ ಓರೆ ಕೂತಿದೆ ಅಂತ ಅರ್ಥ, ಇಲ್ಲ ಬೇರಿಂಗ್ ಎತ್ತರ ಸರಿ ಮಾಡಿಲ್ಲ. ಬೇರಿಂಗ್‌ದಾದ್ರೆ ಸ್ಕ್ರೂ ತಿರುಗಿಸಿದ್ರೆ ಸರಿಹೋಗುತ್ತೆ, ಫ್ರೇಮ್‌ದಾದ್ರೆ ಬಿಚ್ಚಿ ಕೂರಿಸಬೇಕು. ಸೆಕ್ಷನ್ ಮೇಲಿರೋ ಪ್ಲಾಸ್ಟಿಕ್ ಟೇಪನ್ನ ಪೇಂಟಿಂಗ್ ಮುಗಿಯೋವರೆಗೂ ಇಟ್ಟು ಆಮೇಲೆ ತಡ ಮಾಡದೆ ಕೀಳಿಸಿ, ಬಿಸಿಲಿಗೆ ತಿಂಗಳುಗಟ್ಟಲೆ ಬಿಟ್ರೆ ಅದರ ಅಂಟು ಅಲ್ಯೂಮಿನಿಯಂಗೆ ಹಿಡ್ಕೊಂಡು ಬಿಡುತ್ತೆ.

ಕೆಳಗಿನ ಟ್ರ್ಯಾಕಲ್ಲಿ ಹೊರಗಡೆಗೆ ನೀರು ಹೋಗೋಕೆ ಸಣ್ಣ ತೂತುಗಳಿರಬೇಕು. ಸಿಲಿಕೋನ್ ಹಚ್ಚುವಾಗ ಇವನ್ನೂ ಸೇರಿಸಿ ಮುಚ್ಚಿಬಿಟ್ಟಿರೋದು ಎಷ್ಟೋ ಮನೆಗಳಲ್ಲಿ ಕಾಣ್ಸುತ್ತೆ. ಸಿಲಿಕೋನ್ ಹಚ್ಚಿದ ಮಾರನೇ ದಿನ, ಅದು ಒಣಗಿದ ಮೇಲೆ, ಒಂದು ಮಗ್ ನೀರನ್ನ ನಿಧಾನಕ್ಕೆ ಟ್ರ್ಯಾಕಿಗೆ ಸುರೀರಿ. ನೀರು ಹೊರಗೋಡೆ ಕಡೆ ಇಳಿದ್ರೆ ಸರಿ. ಟ್ರ್ಯಾಕಲ್ಲೇ ನಿಂತ್ರೆ, ಇಲ್ಲ ಒಳಗಡೆ ಗ್ರಾನೈಟ್ ಮೇಲೆ ಜಿನುಗಿದ್ರೆ, ಫಿಟ್ ಮಾಡಿದೋರನ್ನ ಕರೆಸಿ ಆ ತೂತುಗಳನ್ನ ಬಿಡಿಸಿ, ಮೂಲೆಗಳಿಗೆ ಮತ್ತೆ ಸಿಲಿಕೋನ್ ಹಾಕಿಸಿ, ಇನ್ನೊಂದ್ಸಲ ನೀರು ಸುರಿದು ನೋಡಿದ ಮೇಲೆ ಬಾಕಿ ದುಡ್ಡು ಕೊಡಿ.